ಸುರಕ್ಷತಾ ಯೋಜನೆ ಬರೆಯುವುದು ಹೇಗೆ: ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮನೆಯವರು, ಆಶಾ ಕಾರ್ಯಕರ್ತೆಯರು, ಶಾಲೆಯ ಮೇಷ್ಟ್ರು, ತೋಟದ ರೈಟರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ. ಇದನ್ನು ಓದುತ್ತಿರುವ ನಿಮಗೇ ಈಗ ಸಾಯುವ ಯೋಚನೆ ಬರುತ್ತಿದ್ದರೆ ಪುಟವನ್ನು ಆಮೇಲೆ ಓದಬಹುದು, ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

## ಮೊದಲ ಪ್ರಶ್ನೆಗಳು

ಸುರಕ್ಷತಾ ಯೋಜನೆ ಅಂದ್ರೆ ಏನು? ಡಾಕ್ಟರ್ ಬರೆದುಕೊಡೋ ಚೀಟಿನಾ?

ಅಲ್ಲ. ಸಾಯುವ ಯೋಚನೆ ಜೋರಾದಾಗ ಯಾವುದರ ನಂತರ ಯಾವುದನ್ನು ಮಾಡಬೇಕು ಎಂದು ಆ ವ್ಯಕ್ತಿಯೇ, ತನ್ನ ಮಾತಿನಲ್ಲಿ, ಇನ್ನೊಬ್ಬರ ಜೊತೆ ಕೂತು ಬರೆದಿಟ್ಟುಕೊಳ್ಳುವ ಒಂದು ಹಾಳೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಮಾದರಿಯನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್. ಅದರಲ್ಲಿ ಆರು ಭಾಗ: ಎಚ್ಚರಿಕೆಯ ಲಕ್ಷಣಗಳು, ಒಬ್ಬರೇ ಮಾಡಬಹುದಾದ ಕೆಲಸಗಳು, ಮನಸ್ಸು ಬೇರೆ ಕಡೆ ಹೊರಳಿಸುವ ಜನ ಮತ್ತು ಜಾಗ, ವಿಷಯ ಹೇಳಿಕೊಳ್ಳಬಹುದಾದವರು, ಡಾಕ್ಟರು ಮತ್ತು ಸಹಾಯವಾಣಿ, ಕೊನೆಗೆ ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ದೂರ ಮಾಡುವುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಹಾಳೆ ಬರೆದು, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದವರಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ಯತ್ನ ಮತ್ತು ಸಿದ್ಧತೆಗಳು ಸುಮಾರು ಶೇ. 45ರಷ್ಟು ಕಡಿಮೆ ಇದ್ದವು. ಹಾಳೆಯ ಜೊತೆ ವಿಚಾರಣೆಯ ಫೋನೂ ಇತ್ತು ಎಂಬುದನ್ನು ಮರೆಯಬೇಡಿ. ಬರೆದು ಕೈಗೆ ಕೊಟ್ಟು ಕಳಿಸಿದರೆ ಅರ್ಧ ಕೆಲಸ ಅಷ್ಟೇ. ಇದು ಚಿಕಿತ್ಸೆಗೆ ಬದಲಿಯೂ ಅಲ್ಲ. ಖಿನ್ನತೆಗೆ, ಕುಡಿತಕ್ಕೆ ಬೇಕಾದ ಚಿಕಿತ್ಸೆ ಇದರ ಪಕ್ಕದಲ್ಲೇ ನಡೆಯಬೇಕು.

"ಸಾಯೋ ಯೋಚನೆ ಬರ್ತಿದೆಯಾ" ಅಂತ ನೇರವಾಗಿ ಕೇಳಿದ್ರೆ ಇಲ್ಲದ್ದನ್ನ ನಾವೇ ತಲೆಗೆ ತುಂಬಿದ ಹಾಗಾಗಲ್ವಾ?

ಆಗುವುದಿಲ್ಲ. ಕೇಳುವುದರಿಂದ ಯೋಚನೆ ಹುಟ್ಟುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಕೇಳಿದ ಮೇಲೆ ಎಷ್ಟೋ ಜನ ಹಗುರಾಗುತ್ತಾರೆ. ಕೆಡುವುದು ಕೇಳುವ ರೀತಿಯಲ್ಲಿ. "ಅಂಥದ್ದೆಲ್ಲ ಏನೂ ಯೋಚನೆ ಇಲ್ಲ ತಾನೇ?" ಎಂದರೆ ಉತ್ತರ ನೀವೇ ಹೇಳಿಕೊಟ್ಟ ಹಾಗೆ, ಎದುರಿನವರು "ಇಲ್ಲ" ಎಂದು ಮುಗಿಸುತ್ತಾರೆ. "ಮಾವ, ಈಚೆಗೆ ನಿಮಗೆ ಸಾಯಬೇಕು ಅನ್ನಿಸಿದ್ದುಂಟಾ?" ಎಂದು ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯಬಹುದು. ಆ ಮೌನವನ್ನು ನೀವು ತುಂಬಬೇಡಿ.

"ಇನ್ನು ಹಾಗೆ ಮಾಡಲ್ಲ" ಅಂತ ಇಗ್ಗುತಪ್ಪನ ಮೇಲೆ ಆಣೆ ಮಾಡಿಸಿದ್ದೇವೆ. ಅಷ್ಟು ಸಾಕಲ್ವಾ?

ಸಾಲದು. ಆಣೆ ಹಾಕಿಸಿದರೆ ಮನೆಯವರಿಗೆ ನೆಮ್ಮದಿ, ಆದರೆ ಹಾಕಿದವರಿಗೆ ಒಂದು ಹೊಸ ತೊಂದರೆ. ಯೋಚನೆ ಮತ್ತೆ ಬಂದಾಗ, ಅದು ಬಂದೇ ಬರುತ್ತದೆ, ಹೇಳಿದರೆ ಮಾತು ತಪ್ಪಿದ ಹಾಗೆ ಎಂದು ಬಾಯಿ ಬಿಡುವುದಿಲ್ಲ. ಮಾಡಬಾರದ್ದು ಯಾವುದು ಎಂದು ಆಣೆ ಹೇಳುತ್ತದೆ. ರಾತ್ರಿ ಹನ್ನೊಂದಕ್ಕೆ ಏನು ಮಾಡಬೇಕು ಎಂದು ಹೇಳುವುದಿಲ್ಲ. ಹಾಕಿಸಿಬಿಟ್ಟಿದ್ದರೆ ಒಂದು ಮಾತು ಸೇರಿಸಿ: "ಮತ್ತೆ ಯೋಚನೆ ಬಂದರೆ ಅದು ಆಣೆ ಮುರಿದ ಹಾಗಲ್ಲ, ನಮಗೆ ಹೇಳಬೇಕು." ಆಮೇಲೆ ಹಾಳೆ ತೆಗೆದುಕೊಂಡು ಕೂತುಕೊಳ್ಳಿ.

ಬರೆಯೋದೆಲ್ಲ ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದ್ದು ಯಾವಾಗ?

"ಇವತ್ತು ರಾತ್ರಿ" ಎಂಬಂತೆ ಸಮಯ, ದಾರಿ ಎರಡನ್ನೂ ನಿರ್ಧರಿಸಿದ್ದರೆ, ಅದಕ್ಕೆ ಬೇಕಾದ್ದು ಕೈಯಲ್ಲೇ ಇದ್ದರೆ, ಇಲ್ಲದ ಧ್ವನಿ ಕೇಳಿ ಅದು ಸಾಯಲು ಹೇಳುತ್ತಿದ್ದರೆ ಅಥವಾ ಮಾತು ಹಿಡಿಯಲಾಗದಷ್ಟು ಕುಡಿದಿದ್ದರೆ ಹಾಳೆ ಬರೆಯುವ ಹೊತ್ತಲ್ಲ. ಒಬ್ಬರನ್ನೇ ಬಿಡಬೇಡಿ, ಸ್ನಾನದ ಮನೆಗೆ ಹೋದರೂ ಬಾಗಿಲ ಹೊರಗೆ ಒಬ್ಬರಿರಲಿ. 108ಕ್ಕೆ ಫೋನ್ ಮಾಡಿ ಅಥವಾ ಮನೆಯ ಗಾಡಿಯಲ್ಲೇ ಹೊರಡಿ.

ಏನಾದರೂ ವಿಷ ಕುಡಿದಿರಬಹುದು ಎಂಬ ಬರೀ ಅನುಮಾನ ಇದ್ದರೂ ಹೊರಡಬೇಕು. ಈಗ ಚೆನ್ನಾಗಿಯೇ ಇದ್ದಾರಲ್ಲ ಎಂದು ಬೆಳಗಿನವರೆಗೆ ಕಾಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು, ಯಾಕೆಂದರೆ ಕೆಲವು ವಿಷಗಳ ಲಕ್ಷಣ ತಡವಾಗಿ ಕಾಣಿಸುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿ ಅಥವಾ ಅದರ ಲೇಬಲ್ಲನ್ನು ಜೊತೆಗೆ ಒಯ್ಯಿರಿ.

## ಬರೆಯಲು ಕೂತಾಗ

ಎಲ್ಲಿಂದ ಶುರು ಮಾಡೋದು?

ಖಾಲಿ ಹಾಳೆ ಮುಂದಿಟ್ಟು "ನಿಮ್ಮ ಎಚ್ಚರಿಕೆಯ ಲಕ್ಷಣಗಳು ಯಾವುವು" ಎಂದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಹಾಳೆ ಪಕ್ಕಕ್ಕಿಟ್ಟು, ಕಳೆದ ಸಲ ಯೋಚನೆ ಜೋರಾದ ದಿನವನ್ನು ಬೆಳಗಿನಿಂದ ಹೇಳಿಸಿ. ಏನಾಯಿತು, ಆಮೇಲೆ ಏನು ಮಾಡಿದಿರಿ, ಯಾವ ಹೊತ್ತಿಗೆ ಅತಿ ಜೋರಾಯಿತು, ಯಾವಾಗ ಇಳಿಯಿತು. ಈ ಕಥೆಯಲ್ಲಿ ಎರಡು ಸಿಗುತ್ತವೆ. ಮೊದಲನೆಯದು, ಅದು ಏರಿ ಇಳಿಯಿತು ಎಂಬ ಸಂಗತಿ. ಒಳಗಿದ್ದಾಗ ಅದು ಎಂದೂ ಮುಗಿಯದು ಅನ್ನಿಸಿರುತ್ತದೆ, ಇಳಿದದ್ದನ್ನು ತಮ್ಮ ಬಾಯಿಂದಲೇ ಹೇಳಿದಾಗ ಯೋಜನೆ ಯಾಕೆ ಎಂಬುದು ಅವರಿಗೇ ತಿಳಿಯುತ್ತದೆ. ಎರಡನೆಯದು, ಏರುವ ಮೊದಲು ಕಂಡ ಗುರುತುಗಳು.

ಗುರುತು ಬರೆಯುವಾಗ "ಬೇಜಾರು", "ಟೆನ್ಷನ್" ಎಂದು ಬಿಡಬೇಡಿ. ಬೇಜಾರು ದಿನವೂ ಇರುತ್ತದೆ, ಯಾವತ್ತು ಹಾಳೆ ತೆಗೆಯಬೇಕು ಎಂದು ಅದರಿಂದ ಗೊತ್ತಾಗುವುದಿಲ್ಲ. "ಬ್ಯಾಂಕಿನಿಂದ ಫೋನ್ ಬಂದ ಮೇಲೆ ಮೊಬೈಲ್ ಆಫ್ ಮಾಡಿಡುತ್ತೇನೆ", "ನಾನಿಲ್ಲದಿದ್ದರೆ ಇವರಿಗೇ ಒಳ್ಳೆಯದು ಅನ್ನೋ ಮಾತು ತಲೆಯಲ್ಲಿ ಸುತ್ತುತ್ತೆ" ಎಂಬಷ್ಟು ಖಚಿತ ಇರಲಿ. ಅವರು ಕೊಡವ ತಕ್ಕಿನಲ್ಲಿ ಯೋಚಿಸುವವರಾದರೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ, ಅರೆಭಾಷೆಯಾದರೆ ಅರೆಭಾಷೆ. ನೀವು ತಿದ್ದಿ ಚಂದ ಮಾಡಬೇಡಿ. ಕೈಬರಹವೂ ಅವರದ್ದೇ ಆದರೆ ಒಳ್ಳೆಯದು.

ವಾಕಿಂಗ್, ಧ್ಯಾನ, ಹಾಡು ಕೇಳೋದು ಅಂತ ಬರೆದಿದ್ವಿ. ಒಂದೂ ಕೆಲಸಕ್ಕೆ ಬರಲಿಲ್ಲ. ಯಾಕೆ?

ಬರೆದದ್ದು ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಮಾಡಲು ಆಗುವಂಥದ್ದೇ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಸಿದ್ದಾಪುರದ ಕಡೆ ತೋಟದಲ್ಲಿ ಕತ್ತಲಾದ ಮೇಲೆ ವಾಕಿಂಗ್ ಹೊರಟರೆ ಆನೆ ಎದುರಾದೀತು. ಜುಲೈ ಮಳೆಯಲ್ಲಿ ಮೂರು ದಿನ ಕರೆಂಟಿಲ್ಲದೆ ಮೊಬೈಲ್ ಸತ್ತಿರುವಾಗ ಹಾಡು ಎಲ್ಲಿಂದ? ಪ್ರತಿ ಸಾಲಿನ ಮುಂದೆ ಎರಡು ಪ್ರಶ್ನೆ ಕೇಳಿ: "ಅಂಥ ಹೊತ್ತಲ್ಲಿ ಇದನ್ನು ನಿಜವಾಗಿ ಮಾಡ್ತೀರಾ? ಏನು ಅಡ್ಡ ಬರಬಹುದು?" ಅಡ್ಡಿ ದೊಡ್ಡದಾದರೆ ಸಾಲು ಹೊಡೆದುಹಾಕಿ.

ಉಳಿಯುವುದು ಸಾಮಾನ್ಯವಾಗಿ ಸಣ್ಣ, ಕೈಗೆ ಕೆಲಸ ಕೊಡುವ ಸಂಗತಿಗಳು: ಹಂಡೆ ಒಲೆಗೆ ಬೆಂಕಿ ಹಾಕಿ ಬಿಸಿನೀರು ಸ್ನಾನ ಮಾಡುವುದು, ನಾಯಿಗೆ ಅನ್ನ ಕಲಸಿ ಹಾಕುವುದು, ಕಾಳುಮೆಣಸು ಆರಿಸುವುದು. ಎರಡು ಮೂರು ಸಾಕು. ಕುಡಿಯುವುದರಿಂದ ಸಮಾಧಾನ ಎಂದು ಯಾರಾದರೂ ಹೇಳಿದರೆ ಅದನ್ನು ಈ ಭಾಗಕ್ಕೆ ಸೇರಿಸಬೇಡಿ. ಎರಡು ಪೆಗ್ ತಡೆಯುವ ಶಕ್ತಿಯನ್ನೇ ಸಡಿಲ ಮಾಡುತ್ತದೆ. ಅದು ಎಚ್ಚರಿಕೆಯ ಲಕ್ಷಣಗಳ ಸಾಲಿಗೆ ಹೋಗಬೇಕು.

ಜನರ ಹೆಸರು ಎರಡು ಭಾಗದಲ್ಲಿ ಯಾಕೆ ಬರೀಬೇಕು?

ಇಬ್ಬರ ಕೆಲಸ ಬೇರೆ. ಮೊದಲ ಪಟ್ಟಿಯವರಿಗೆ ಏನೂ ಹೇಳಬೇಕಾಗಿಲ್ಲ, ಅವರ ಜೊತೆ ಇದ್ದರೆ ಸಾಕು. ಗೋಣಿಕೊಪ್ಪ ಸಂತೆಯಲ್ಲಿ ಸಿಗುವ ಗೆಳೆಯ, ಹಾಕಿ ಮೈದಾನ, ಪಕ್ಕದ ಮನೆಯ ಮಗು. ಬಾರ್ ಮಾತ್ರ ಬೇಡ. ಎರಡನೆಯ ಪಟ್ಟಿಯವರಿಗೆ "ಮತ್ತೆ ಆ ಯೋಚನೆ ಬಂದಿದೆ" ಎಂದು ಬಾಯಿಬಿಟ್ಟು ಹೇಳುವುದು. ಅದಕ್ಕೆ ಹತ್ತಿರದ ನೆಂಟರೇ ಆಗಬೇಕೆಂದಿಲ್ಲ. ಒಕ್ಕದ ಹಿರಿಯರಿಗೆ ಹೇಳಿದರೆ ಮಾತು ಐನ್‌ಮನೆ ತುಂಬ ಹರಡುತ್ತದೆ ಎಂಬ ಹೆದರಿಕೆ ಇದ್ದರೆ ಆ ಹೆಸರು ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಎರಡನೆಯ ಪಟ್ಟಿಯಲ್ಲಿರುವವರನ್ನು ಮೊದಲೇ ಕೇಳಿ ಒಪ್ಪಿಸಿರಬೇಕು. ರಾತ್ರಿ ಫೋನ್ ಬಂದರೆ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಬೇಕು ಎಂಬುದನ್ನೂ ಅವರಿಗೆ ತಿಳಿಸಿ.

ಮಳೆಗಾಲದಲ್ಲಿ ಟವರ್ ಹೋದರೆ ಫೋನ್ ನಂಬರ್‌ಗಳೆಲ್ಲ ವ್ಯರ್ಥ. ಅದಕ್ಕೆ ನಡೆದು ತಲುಪಬಹುದಾದ ಒಬ್ಬರಾದರೂ ಪಟ್ಟಿಯಲ್ಲಿರಲಿ.

ಪೂರ್ತಿ ಬರೆದ ಹಾಳೆ ಹೇಗಿರುತ್ತೆ? ಒಂದು ತೋರಿಸಿ.

ಇದು ಉದಾಹರಣೆಗಾಗಿ ಕಟ್ಟಿದ್ದು. ನಾಪೋಕ್ಲು ಕಡೆಯ ಒಬ್ಬ ಕಾಫಿ ಬೆಳೆಗಾರ, ವಯಸ್ಸು ನಲವತ್ತೈದರ ಆಸುಪಾಸು, ಹೆಂಡತಿ ಮತ್ತು ತಾಯಿ ಜೊತೆ ಇದ್ದಾರೆ. ಸಾಲ ಇದೆ, ಸಂಜೆ ಕುಡಿತ ಇದೆ, ಮನೆಯಲ್ಲಿ ತಂದೆಯ ಕಾಲದ ಕೋವಿ ಇದೆ.

*1. ನನಗೆ ಗೊತ್ತಾಗೋದು ಹೀಗೆ:* ಲೆಕ್ಕದ ಪುಸ್ತಕ ತೆಗೆದು ಅದೇ ಪುಟ ನೋಡ್ತಾ ಕೂರ್ತೇನೆ. ಅಮ್ಮ ಕರೆದರೂ ಊಟಕ್ಕೆ ಏಳಲ್ಲ. "ಎಲ್ಲ ಮುಗೀತು" ಅನ್ನಿಸುತ್ತೆ. ಎರಡಕ್ಕಿಂತ ಜಾಸ್ತಿ ಹಾಕಿರ್ತೇನೆ.

*2. ಒಬ್ಬನೇ ಮಾಡೋದು:* ಪುಸ್ತಕ ಮುಚ್ಚಿ ಅಮ್ಮನ ಕೈಗೆ ಕೊಡೋದು. ಬಿಸಿನೀರು ಸ್ನಾನ. ಹಳೇ ರೇಡಿಯೋ, ಸೆಲ್ ಹಾಕಿದ್ದು.

*3. ಜನ, ಜಾಗ:* ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕೂರೋದು. ಹಗಲಾದರೆ ಪೇಟೆಯ ಸೈಕಲ್ ಅಂಗಡಿಯ ಗೆಳೆಯ.

*4. ಹೇಳಿಕೊಳ್ಳೋದು:* ಹೆಂಡತಿಗೆ, "ಇವತ್ತು ಹಾಳೆಯ ದಿನ" ಅಂತ ಅಷ್ಟೇ ಹೇಳಿದ್ರೂ ಸಾಕು. ಮಡಿಕೇರಿಯ ಭಾವನಿಗೆ ಫೋನ್. ನೆಟ್‌ವರ್ಕ್ ಇಲ್ಲದಿದ್ರೆ ಕೆಳಗಿನ ಮನೆಯ ಅಣ್ಣ, ಹೆಂಡತಿ ಜೊತೆಗೆ ಬರ್ತಾಳೆ.

*5. ಸಹಾಯ:* 14416. ಮನೋವೈದ್ಯರ ಹೊರರೋಗಿ ವಿಭಾಗದ ದಿನ, ಸಮಯ, ಚೀಟಿ ನಂಬರ್. ತುರ್ತಾದರೆ 108, ಗಾಡಿ ಓಡಿಸೋದು ಅಣ್ಣ.

*6. ಮನೆ:* ಕೋವಿ ಇಂದಿನಿಂದ ಮನೆಯಲ್ಲಿಲ್ಲ. ತೋಟಾ ಬೇರೆ ಕಡೆ. ಸ್ಟೋರ್ ಬೀಗದ ಕೈ ರೈಟರ್ ಹತ್ತಿರ. ಮನೆಯಲ್ಲಿ ಬಾಟಲಿ ಇಡೋದಿಲ್ಲ.

ನಾಲ್ಕನೆಯ ಭಾಗದ "ಹಾಳೆಯ ದಿನ" ಎಂಬ ಮಾತನ್ನು ಗಮನಿಸಿ. ಆ ಹೊತ್ತಿನಲ್ಲಿ ಇಡೀ ವಾಕ್ಯ ಹೊರಡುವುದಿಲ್ಲ, ಎರಡು ಪದಕ್ಕೆ ಮೊದಲೇ ಒಪ್ಪಂದ ಆಗಿದ್ದರೆ ಹೊರಡುತ್ತದೆ. ಐದನೆಯ ಭಾಗದಲ್ಲಿ ಯಾರು ಗಾಡಿ ಓಡಿಸುತ್ತಾರೆ ಎಂಬುದೂ ಇದೆ, ಯಾಕೆಂದರೆ ಒಳಗಿನ ತೋಟಗಳಿಗೆ ಆಂಬುಲೆನ್ಸ್ ಬರಲು ತಡವಾಗಬಹುದು. ಭಾಗಗಳು ಮೆಟ್ಟಿಲಿನಂತೆ ಒಂದರ ನಂತರ ಒಂದು. ಆದರೆ ಯೋಚನೆ ತೀರಾ ಜೋರಾಗಿದ್ದರೆ ನೇರ ಐದಕ್ಕೆ ಹೋಗಬಹುದು ಎಂದು ಹಾಳೆಯ ತಲೆಯಲ್ಲೇ ಬರೆದುಬಿಡಿ.

ಹಾಳೆ ಒಂದೇ ಪುಟದಲ್ಲಿರಲಿ. ಮೂಲ ಅವರ ಹತ್ತಿರ, ಒಂದು ಫೋಟೋ ಅವರ ಮೊಬೈಲಿನಲ್ಲಿ, ಅವರು ಒಪ್ಪಿದರೆ ಒಂದು ಪ್ರತಿ ಹೆಂಡತಿಯ ಹತ್ತಿರ. ಬೀರುವಿನ ಲಾಕರಿನಲ್ಲಿ ಆಧಾರ್ ಕಾರ್ಡಿನ ಜೊತೆ ಇಟ್ಟರೆ ಆ ರಾತ್ರಿ ಯಾರೂ ತೆಗೆಯುವುದಿಲ್ಲ.

## ಕೋವಿ, ಔಷಧಿ, ಬೀಗದ ಕೈ

ಸಾಯಲೇಬೇಕು ಅಂತ ಇದ್ದವರು ಇನ್ನೊಂದು ದಾರಿ ಹುಡುಕ್ತಾರೆ. ಕೋವಿ ದೂರ ಇಟ್ಟು ಏನು ಪ್ರಯೋಜನ?

ಈ ನಂಬಿಕೆ ತಪ್ಪು, ಮತ್ತು ಆರನೆಯ ಭಾಗವನ್ನು ಹೆಚ್ಚು ಹಾಳು ಮಾಡುವುದೂ ಇದೇ. ಅತಿ ಜೋರಿನ ಹೊತ್ತು ಬಹಳ ಜನರಲ್ಲಿ ನಿಮಿಷಗಳದ್ದು ಅಥವಾ ಕೆಲವು ಗಂಟೆಗಳದ್ದು. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಹೆಚ್ಚಿನವರು ಬೇರೆಯದನ್ನು ಹುಡುಕಿ ಹೊರಡುವುದಿಲ್ಲ, ಅಷ್ಟರಲ್ಲಿ ಅದು ಇಳಿಯುತ್ತದೆ. ಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದಾಗ, 1995ರ ನಂತರದ ಎರಡು ದಶಕಗಳಲ್ಲಿ ಇಡೀ ದೇಶದ ಆತ್ಮಹತ್ಯೆಯ ಪ್ರಮಾಣವೇ ಸುಮಾರು ಶೇ. 70ರಷ್ಟು ಇಳಿಯಿತು. ಜನ ಬೇರೆ ದಾರಿಗೆ ಹೊರಳಿದ್ದರೆ ಒಟ್ಟು ಸಂಖ್ಯೆ ಹಾಗೆ ಇಳಿಯುತ್ತಿರಲಿಲ್ಲ.

ನಮ್ಮದು ಕೋವಿ ಇರೋ ಮನೆ. ಅದನ್ನ ಎಲ್ಲಿ ಇಡೋದು, ಯಾರಿಗೆ ಕೊಡೋದು?

ಮನೆಯಿಂದ ಆಚೆ ಹೋಗುವುದೇ ಮೊದಲ ಆಯ್ಕೆ. ಬೀಗ ಹಾಕಿದ ಬೀರು ಎರಡನೆಯದು. ಕೋವಿ ಮನೆಯಲ್ಲೇ ಇದ್ದು ತೋಟಾ ಮಾತ್ರ ಬೇರೆಡೆ ಇಡುವುದು ಕಡೆಯ ಆಯ್ಕೆ. "ಅಟ್ಟದ ಮೇಲೆ ಬಚ್ಚಿಟ್ಟಿದ್ದೇವೆ" ಎಂಬುದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಬಚ್ಚಿಡುವ ಜಾಗ ಎಲ್ಲಾ ಗೊತ್ತು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಹಾಗೆಂದು ಯಾರ ಕೈಗಾದರೂ ಕೊಟ್ಟುಬಿಡುವಂತಿಲ್ಲ, ಇಟ್ಟುಕೊಳ್ಳುವವರಿಗೂ ಆ ಹಕ್ಕು ಇರಬೇಕು. ತಾತ್ಕಾಲಿಕವಾಗಿ ಎಲ್ಲಿ ಠೇವಣಿ ಇಡಬಹುದು, ಯಾವ ಕಾಗದ ಬೇಕು ಎಂದು ನಿಮ್ಮ ಠಾಣೆಯಲ್ಲಿ ಕೇಳಿ. ಕಾರಣ ವಿವರಿಸಬೇಕಾಗಿಲ್ಲ, "ಮನೆಯಲ್ಲಿ ಸ್ವಲ್ಪ ದಿನ ಇಡುವ ಅನುಕೂಲ ಇಲ್ಲ" ಎಂದರೂ ಕೇಳಬಹುದು. ಠಾಣೆಗೆ ಒಯ್ಯುವುದು ಮನೆಯ ಇನ್ನೊಬ್ಬರು. ಯೋಚನೆ ಬರುತ್ತಿರುವವರ ಕೈಯಲ್ಲಿ ಕಳಿಸಬೇಡಿ.

ಕೇಳುವ ರೀತಿಯೂ ಮುಖ್ಯ. ಕೋವಿ ಅಜ್ಜ ಮುತ್ತಜ್ಜಂದಿರ ಮರ್ಯಾದೆಯ ವಸ್ತು. "ನಿಮ್ಮ ಕೈಗೆ ಕೋವಿ ಕೊಡೋ ಹಾಗಿಲ್ಲ" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ನೀವು ಹುಷಾರಾಗುವ ತನಕ ಇದನ್ನು ಎಲ್ಲಿಟ್ಟರೆ ನಿಮಗೆ ಸಮಾಧಾನ?" ಎಂದು ಕೇಳಿದರೆ ಜಾಗವನ್ನು ಅವರೇ ಹೇಳುವ ಸಾಧ್ಯತೆ ಹೆಚ್ಚು. ಅವರೇ ಹೇಳಿದ ಏರ್ಪಾಡು ಹೆಚ್ಚು ದಿನ ಉಳಿಯುತ್ತದೆ.

ಔಷಧಿ ಹೊಡೆಯದೆ ತೋಟ ನಡೆಯಲ್ಲ. ಅದನ್ನ ಹೇಗೆ ದೂರ ಇಡೋದು?

ವಾಸದ ಮನೆಯಿಂದ ಹೊರಗೆ, ಬೀಗ ಹಾಕಿದ ಒಂದೇ ಜಾಗದಲ್ಲಿ ಇರಬೇಕು. ಬೀಗದ ಕೈ ಬೇರೆಯವರ ಹತ್ತಿರ ಇರಬೇಕು, ಮತ್ತು ಎರಡನೆಯ ಕೈ ಎಲ್ಲಿದೆ ಎಂಬುದನ್ನೂ ವಿಚಾರಿಸಬೇಕು. ಬಹಳ ಮನೆಗಳಲ್ಲಿ ಅದು ದೇವರ ಕೋಣೆಯ ಮೊಳೆಯಲ್ಲೇ ನೇತಾಡುತ್ತಿರುತ್ತದೆ! ಆ ದಿನದ ಸಿಂಪಡಣೆಗೆ ಬೇಕಾದಷ್ಟನ್ನೇ ರೈಟರ್ ಅಥವಾ ಇನ್ನೊಬ್ಬರು ತೆಗೆದುಕೊಡಲಿ, ಉಳಿದದ್ದು ಸಂಜೆಯೇ ವಾಪಸು ಹೋಗಲಿ. ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಂಡು ತುಂಬಿಡುವ ರೂಢಿಯನ್ನು ಸದ್ಯಕ್ಕೆ ಬಿಡಿ. ಕೊಟ್ಟಿಗೆಯ ಮೂಲೆಯಲ್ಲಿ ಅರ್ಧ ಉಳಿದ ಹಳೇ ಡಬ್ಬಿಗಳೇ ಲೆಕ್ಕ ತಪ್ಪುವ ಜಾಗ. ಒಂದು ಸುತ್ತು ಹಾಕಿ ಎಲ್ಲವನ್ನೂ ಸ್ಟೋರಿಗೆ ಸೇರಿಸಿ. ಡಾಕ್ಟರ್ ಕೊಟ್ಟ ಮಾತ್ರೆಗಳಿಗೂ ಇದೇ ಕ್ರಮ: ಒಂದು ವಾರದ್ದು ಮಾತ್ರ ಕೈಗೆ.

## ಹಾಳೆ ಬರೆದ ಮೇಲೆ

ಲೈನ್‌ಮನೆಯಲ್ಲಿರೋ ಕೆಲಸದವರಿಗೆ ಓದು ಬರಹ ಬರಲ್ಲ. ಅವರಿಗೆ ಏನು ಮಾಡೋದು?

ಚಿತ್ರ ಬಿಡಿಸಿ, ಅಥವಾ ಅವರದೇ ಧ್ವನಿಯಲ್ಲಿ, ಅವರದೇ ಭಾಷೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹೆಸರಿನ ಬದಲು ಮುಖದ ಫೋಟೋ ಇರಲಿ. ಜೊತೆಗೆ ಕೂರುವವರು ಯಜಮಾನರಾಗದಿದ್ದರೆ ಒಳ್ಳೆಯದು, ಮುಂಗಡದ ಸಾಲ ಅವರ ಹತ್ತಿರವೇ ಇರುವಾಗ ಮಾತು ಬಿಚ್ಚುವುದು ಕಷ್ಟ. ಆದರೆ ಆರನೆಯ ಭಾಗ ಪೂರ್ತಿ ಯಜಮಾನರ ಮೇಲೆಯೇ ಬೀಳುತ್ತದೆ, ಸ್ಟೋರಿನ ಬೀಗ ಅವರದ್ದು.

ಹಾಳೆ ಇದ್ದೂ ಆ ದಿನ ಯಾರಿಗೂ ಫೋನ್ ಮಾಡಲಿಲ್ಲ. ನಮ್ಮ ಯೋಜನೆ ಸೋತಿತಾ?

ಹಾಳೆಯಲ್ಲಿ ಏನೋ ತಪ್ಪಿದೆ, ಹುಡುಕಿ. "ಯಾಕೆ ಮಾಡಲಿಲ್ಲ?" ಎಂದು ಬೈದರೆ ಮುಂದಿನ ಸಲ ವಿಷಯವೇ ತಿಳಿಯುವುದಿಲ್ಲ. "ಎಷ್ಟನೇ ಸಾಲಿನ ತನಕ ಹೋದಿರಿ?" ಎಂದು ಕೇಳಿ. ಹಾಳೆ ನೆನಪೇ ಆಗಲಿಲ್ಲ ಎಂದರೆ ಇಟ್ಟ ಜಾಗ ಸರಿಯಿಲ್ಲ ಅಥವಾ ಲಕ್ಷಣಗಳನ್ನು ತಡವಾಗಿ ಗುರುತಿಸಿದ್ದಾರೆ. ಫೋನ್ ಕೈಗೆತ್ತಿಕೊಂಡು ಇಟ್ಟರೆ ಆ ಹೆಸರು ಸರಿಯಿಲ್ಲ. ಕುಡಿದಿದ್ದರೆ ಮೊದಲ ಸಾಲೇ ಕುಡಿಯುವ ಮುಂಚಿನದಾಗಬೇಕು.

ಮೊದಲ ವಿಚಾರಣೆ ಬರೆದ 72 ಗಂಟೆಯೊಳಗೆ ಆಗಲಿ, ಆಮೇಲೆ ಚಿಕಿತ್ಸೆ ಹಿಡಿತಕ್ಕೆ ಬರುವವರೆಗೆ ವಾರಕ್ಕೊಮ್ಮೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚು, ಆಗ ತಪ್ಪಿಸಲೇಬೇಡಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತಾರೆ. ನಿಜಾನಾ?

ಯೋಚನೆ ಬರುತ್ತಿದೆ ಎಂದು ಡಾಕ್ಟರಿಗೆ ಹೇಳುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಇಲ್ಲ. ಯತ್ನದ ನಂತರ ಆಸ್ಪತ್ರೆಯವರು ಠಾಣೆಗೆ ಮಾಹಿತಿ ಕೊಡಬಹುದು, ಪೊಲೀಸರು ಬಂದು ಹೇಳಿಕೆ ಪಡೆಯಬಹುದು. ಅದನ್ನೇ ಕೇಸ್ ಎಂದುಕೊಂಡು ಚಿಕಿತ್ಸೆ ತಡಮಾಡಬೇಡಿ.

ಕೈಲ್‌ಪೊಳ್ದ್‌ಗೆ ಕೋವಿ ಪೂಜೆಗೆ ಇಡಲೇಬೇಕು. ಅವತ್ತೊಂದು ದಿನ ಮನೆಗೆ ತರಬಹುದಾ?

ಈ ಪ್ರಶ್ನೆ ಸೆಪ್ಟೆಂಬರ್ ಬಂದಾಗ ಏಳುತ್ತದೆ, ಪುತ್ತರಿಗೆ ಮತ್ತೊಮ್ಮೆ. ಹಬ್ಬದ ಹಿಂದಿನ ಸಂಜೆ ತೀರ್ಮಾನಿಸಲು ಹೊರಟರೆ ನೆಂಟರ ಮುಂದೆ ಯಾರಿಗೂ "ಬೇಡ" ಎನ್ನಲು ಬಾಯಿ ಬರುವುದಿಲ್ಲ, ಕೋವಿ ಬರುತ್ತದೆ, ಹಬ್ಬ ಮುಗಿದ ಮೇಲೆ ಒಯ್ಯುವುದು ಮರೆತುಹೋಗುತ್ತದೆ. ಹಬ್ಬಕ್ಕೆ ಕುಡಿತವೂ ಇರುತ್ತದೆ. ಆದ್ದರಿಂದ ಹಾಳೆ ಬರೆಯುವಾಗಲೇ ಮುಂದಿನ ಹಬ್ಬದ ಸಾಲನ್ನೂ ಬರೆದುಬಿಡಿ.

ಚಿಕಿತ್ಸೆ ಇನ್ನೂ ನಡೆಯುತ್ತಿದ್ದು, ಈಚಿನ ವಾರಗಳಲ್ಲೂ ಯೋಚನೆ ಬರುತ್ತಿದ್ದರೆ ಮನೆಗೆ ತರಬೇಡಿ. ಐನ್‌ಮನೆಯಲ್ಲೋ, ಕೋವಿ ಇಟ್ಟುಕೊಂಡ ನೆಂಟರ ಮನೆಯಲ್ಲೋ ಅವರ ಕೋವಿಯ ಜೊತೆಗೇ ಪೂಜೆಯಾಗಲಿ. ಇವರು ಅಲ್ಲಿಗೆ ಹೋಗಿ ಕೈಮುಗಿದು ಬರಬಹುದು. ತೋಟಾ ಆ ಜಾಗದಲ್ಲೇ ಇರಬಾರದು. ಶಾಶ್ವತವಾಗಿ ಮನೆಗೆ ಯಾವಾಗ ತರುವುದು ಎಂಬುದಕ್ಕೆ ತಾರೀಕು ಹಾಕಬೇಡಿ. ಹುಷಾರಾಗಲಿ ಬಿಡಲಿ ಆ ದಿನ ಬಂದೇ ಬರುತ್ತದೆ. "ಮನೋವೈದ್ಯರು, ನಾನು, ನನ್ನ ಹೆಂಡತಿ ಮೂವರೂ ಒಟ್ಟಿಗೆ ಕೂತು ಒಪ್ಪಿದ ಮೇಲೆ" ಎಂದು ಅವರ ಕೈಯಲ್ಲೇ ಬರೆಸಿ, ಕೋವಿ ಇಟ್ಟುಕೊಂಡವರಿಗೂ ಆ ಸಾಲನ್ನು ತೋರಿಸಿರಿ. ಯಾಕೆಂದರೆ ಒಂದು ದಿನ ಇವರೊಬ್ಬರೇ ಹೋಗಿ "ಈಗ ಸರಿಹೋಗಿದೆ, ಕೊಡಿ" ಎಂದಾಗ ಬಾಗಿಲಲ್ಲಿ ನಿಂತು "ಮೂವರೂ ಬನ್ನಿ" ಎಂದು ಹೇಳಬೇಕಾದವರು ಅವರೇ.